ಬಾಯಿ ಬಿಟ್ಟ ಪಿಕಾಚುವಿಗೆ ಕನ್ನಡದಲ್ಲಿ ಸಾಲು ಬರೆಯೋದು: ನನ್ನ ಅನುಭವ

ಬಾಯಿ ತೆರೆದು ದಿಟ್ಟಿಸಿ ನೋಡುವ ಆ ಹಳದಿ ಪಿಕಾಚು ಮುಖ ನಿಮಗೂ ಗೊತ್ತಿರುತ್ತದೆ. ಪೋಕೆಮಾನ್ ಕಾರ್ಟೂನಿನ ಮೊದಲ ಸೀಸನ್‌ನ 10ನೇ ಕಂತಿನ ಒಂದು ದೃಶ್ಯ ಅದು. ಜಪಾನಿನಲ್ಲಿ ಆ ಕಂತು ಬಂದದ್ದು 1997ರಲ್ಲಿ. ಮೀಮ್ ಆಗಿ ಓಡಾಡಲು ಶುರುವಾದದ್ದು ಮಾತ್ರ 2018ರ ಸೆಪ್ಟೆಂಬರ್‌ನಲ್ಲಿ, ಟಂಬ್ಲರ್‌ನಿಂದ. ನಾನು ಗೆಳೆಯರ ವಾಟ್ಸಾಪ್ ಗುಂಪಿಗೆ ಇದನ್ನು ಕನ್ನಡದಲ್ಲಿ ಮಾಡುತ್ತಾ ಬಂದಿದ್ದೇನೆ. ಚಿತ್ರ ಎಲ್ಲರ ಹತ್ತಿರವೂ ಇದೆ, ಕೆಲಸ ಇರುವುದೆಲ್ಲ ಮೇಲಿನ ಸಾಲುಗಳಲ್ಲೇ.

ರಚನೆ ಸರಳ. ಮೊದಲ ಸಾಲಿನಲ್ಲಿ ಒಬ್ಬರು ಏನೋ ಮಾಡುತ್ತಾರೆ. ಎರಡನೇ ಸಾಲಿನಲ್ಲಿ ಅದರಿಂದ ಆಗಬೇಕಾದದ್ದೇ ಆಗುತ್ತದೆ. ಮೂರನೇ ಸಾಲಿನಲ್ಲಿ ಮತ್ತೆ ಮೊದಲನೆಯವರ ಹೆಸರು, ಮುಂದೆ ಏನೂ ಇಲ್ಲ, ಕೆಳಗೆ ಪಿಕಾಚು. ಆ ಖಾಲಿ ಜಾಗ ಬಹಳ ಮುಖ್ಯ. ಅಲ್ಲಿ 'ಅಯ್ಯೋ' ಅಂತ ಬರೆದರೂ ಕೆಡುತ್ತದೆ, ಯಾಕೆಂದರೆ ಅದನ್ನು ಹೇಳೋಕೇ ಅಲ್ವಾ ಆ ಬಾಯಿ ಇರುವುದು?

ಸಾಲು ಬರೆದ ಮೇಲೆ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಎರಡನೇ ಸಾಲನ್ನು ಬೆರಳಿನಿಂದ ಮುಚ್ಚಿ, ಬರೀ ಮೊದಲನೆಯದನ್ನು ಪಕ್ಕದವರಿಗೆ ತೋರಿಸಿ, ಮುಂದೇನಾಗುತ್ತೆ ಹೇಳಿ ಅಂತೀನಿ. ಥಟ್ಟನೆ ಹೇಳಿದರೆ ಸರಿಯಾಗಿದೆ. 'ಹ್ಞಾಂ, ಆಮೇಲೆ?' ಅಂದರೆ ಅದು ಬೇರೆ ಮೀಮ್‌ಗೆ ಸಲ್ಲುವ ವಿಷಯ. ನಿಜವಾಗಿಯೂ ಅನಿರೀಕ್ಷಿತವಾದದ್ದಕ್ಕೆ ಈ ಮುಖ ಒಪ್ಪುವುದೇ ಇಲ್ಲ.

ಇನ್ನೊಂದು, ಮುಖ ಯಾರದ್ದು ಅನ್ನುವುದು. ಇಲ್ಲೇ ಜಾಸ್ತಿ ಎಡವುವುದು. ಕಳೆದ ಮಳೆಗಾಲದಲ್ಲಿ ಗೆಳೆಯನೊಬ್ಬ ಹೀಗೆ ಬರೆದು ಕಳಿಸಿದ:

ಬೆಂಗಳೂರು: ಮಳೆ ಬಂತು
ರಸ್ತೆ: ಮುಳುಗಿತು
ಬೆಂಗಳೂರು:

ಓದಿದರೆ ನಗು ಬರಲಿಲ್ಲ. ಮಳೆ ಬಂದದ್ದು ಬೆಂಗಳೂರು ಮಾಡಿದ ಕೆಲಸ ಅಲ್ಲ. ಮೇಲಾಗಿ, 'ಬೆಂಗಳೂರು' ಅಂದರೆ ಮನೆಯೊಳಗೆ ನೀರು ನುಗ್ಗಿಸಿಕೊಂಡು ರಾತ್ರಿಯೆಲ್ಲ ಬಕೆಟ್ ಹಿಡಿದವರೂ ಸೇರಿದರು. ಅವರ ಮುಖ ಇದಲ್ಲ. ಪಿಕಾಚು ಮುಖ ಸಿಗಬೇಕಾದ್ದು, ತಾನೇ ಮಾಡಿ ಈಗ ಬೆರಗಾಗುತ್ತಿರುವವನಿಗೆ. 'ಯಾರು ಏನು ಮಾಡಿದ್ದಕ್ಕೆ ನೀರು ನಿಂತಿತು ಅಂತ ಹೇಳೋ' ಅಂದೆ. ಅವನು ತಿದ್ದಿ ಕಳಿಸಿದ:

ಬಿಲ್ಡರ್: ರಾಜಕಾಲುವೆ ಮುಚ್ಚಿ ಅಪಾರ್ಟ್‌ಮೆಂಟ್ ಕಟ್ಟಿದ
ಮಳೆನೀರು: ಬೇಸ್‌ಮೆಂಟಿಗೆ ಬಂತು
ಬಿಲ್ಡರ್:

ಈಗ ಕೂತಿತು. ಕೆರೆಯಿಂದ ಕೆರೆಗೆ ನೀರು ಹರಿಯುವ ದಾರಿ ರಾಜಕಾಲುವೆ ಅನ್ನುವುದು ನಮ್ಮ ಗುಂಪಿನಲ್ಲಿ ಎಲ್ಲರಿಗೂ ಗೊತ್ತು, ಹಾಗಾಗಿ ಮೊದಲ ಸಾಲು ಓದುತ್ತಿದ್ದಂತೆಯೇ ಎರಡನೆಯದು ಮನಸ್ಸಿಗೆ ಬಂದಿರುತ್ತದೆ. ಕಾಲುವೆ ಅಂದರೇನು ಅಂತ ಗೊತ್ತಿಲ್ಲದ ಊರಿನವರಿಗೆ ಇದನ್ನು ಕಳಿಸಿದರೆ ಕೆಲಸ ಮಾಡುವುದಿಲ್ಲ, ವಿವರಿಸಿದರೆ ಇನ್ನೂ ಕಷ್ಟ.

ಆ ಮುಖವೇ ಯಾಕೆ ಅಂತ ಕೇಳುವವರಿದ್ದಾರೆ. ಬೆರಗಾದ ಕಾರ್ಟೂನ್ ಮುಖಗಳು ಬೇಕಾದಷ್ಟಿವೆ, ಆದರೆ ಹೆಚ್ಚಿನವುಗಳಲ್ಲಿ ಹುಬ್ಬು ಹಾರಿರುತ್ತದೆ, ಕೈ ಕೆನ್ನೆ ಮೇಲಿರುತ್ತದೆ, ಒಟ್ಟಿನಲ್ಲಿ ನಾಟಕ ಜಾಸ್ತಿ. ಪಿಕಾಚುವಿಗೆ ಹುಬ್ಬೇ ಇಲ್ಲ. ಎರಡು ಕಪ್ಪು ಕಣ್ಣು, ತೆರೆದ ಬಾಯಿ, ಅಷ್ಟೇ. ಅದು ನಿಜವಾಗಿಯೂ ಏನೂ ಗೊತ್ತಿರದ ಮಗುವಿನ ಹಾಗೆ ಕಾಣುತ್ತದೆ, ಗೊತ್ತಿರಬೇಕಿತ್ತಲ್ಲ ಅನ್ನುವುದನ್ನು ಓದುವವರೇ ಸೇರಿಸಿಕೊಳ್ಳುತ್ತಾರೆ.

ಅಕ್ಷರಗಳನ್ನು ನಾನು ಚಿತ್ರದ ಮೇಲೆ ಬರೆಯುವುದಿಲ್ಲ. ತಲೆಯ ಕಡೆಗೆ ಬಿಳಿ ಪಟ್ಟಿ ಸೇರಿಸಿ, ಅದರಲ್ಲಿ ಕಪ್ಪು ಅಕ್ಷರ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಬೇಕು, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕೆಲವು ಎಡಿಟರ್‌ಗಳಲ್ಲಿ ಒತ್ತು ಕೆಳಗೆ ಹೋಗದೆ ಪಕ್ಕದಲ್ಲೇ ಬಿಡಿಯಾಗಿ ನಿಲ್ಲುತ್ತದೆ. ಹೊಸ ಆ್ಯಪ್ ಹಾಕಿಕೊಂಡಾಗ ಮೊದಲು 'ಶಾಸ್ತ್ರ' ಅಂತ ಟೈಪ್ ಮಾಡಿ ನೋಡಿ. ಅದು ಸರಿ ಬಂದರೆ ಮುಂದುವರಿಯಿರಿ.

ಸಾಲುಗಳೇ ಬೇಡದ ಸಂದರ್ಭವೂ ಇದೆ. ಗುಂಪಿನಲ್ಲಿ ಯಾರೋ 'ಚಾರ್ಜ್ ಮಾಡದೆ ಹೊರಟೆ, ಫೋನ್ ಆಫ್ ಆಯ್ತು' ಅಂತ ಬರೆದರೆ ಮೊದಲ ಎರಡು ಸಾಲು ಅವರೇ ಕೊಟ್ಟ ಹಾಗಾಯಿತು. ಆ ಮೆಸೇಜಿಗೇ ರಿಪ್ಲೈ ಆಗಿ ಬರೀ ಸ್ಟಿಕ್ಕರ್ ಕಳಿಸಿದರೆ ಸಾಕು. ವಾಟ್ಸಾಪ್ ಸ್ಟಿಕ್ಕರ್ ಪ್ಯಾಕಿಗೆ 512×512 ಪಿಕ್ಸೆಲ್‌ನ `.webp` ಫೈಲ್ ಬೇಕು, ಅಲುಗಾಡದ ಚಿತ್ರವಾದರೆ 100 ಕೆಬಿ ಒಳಗೆ ಇರಬೇಕು. ಹಿನ್ನೆಲೆ ಕತ್ತರಿಸಿದ ಮೇಲೆ ಸುತ್ತಲೂ ತೆಳುವಾಗಿ ಬಿಳಿ ಅಂಚು ಎಳೆಯಿರಿ. ಪಿಕಾಚುವಿನ ಕಿವಿಯ ತುದಿ ಕಪ್ಪು. ಅಂಚು ಇಲ್ಲದಿದ್ದರೆ ಡಾರ್ಕ್ ಮೋಡ್‌ನಲ್ಲಿ ಆ ತುದಿಗಳು ಮಾಯವಾಗಿ, ಕಿವಿ ಕತ್ತರಿಸಿದ ಯಾವುದೋ ಹಳದಿ ಪ್ರಾಣಿ ಉಳಿಯುತ್ತದೆ.