ಮೆಟ್ಟಿಲಿಗೆ ಎಷ್ಟು ಕಾಂಕ್ರೀಟ್ ಬೇಕು? ಓರೆ ಸ್ಲ್ಯಾಬ್‌ನ ಲೆಕ್ಕ ಹೀಗೆ

ಮನೆಯ ಛಾವಣಿಗೆ ಬೇಕಾದ ಕಾಂಕ್ರೀಟನ್ನು ಉದ್ದ, ಅಗಲ, ದಪ್ಪ ಗುಣಿಸಿ ಹೇಳಿಬಿಡಬಹುದು. ಮೆಟ್ಟಿಲುಗಳನ್ನು ಕೆಳಗಿನಿಂದ ಹೊರುವ ಮುಖ್ಯ ಭಾಗವಾದ ವೇಸ್ಟ್ ಸ್ಲ್ಯಾಬ್ ಓರೆಯಾಗಿರುವುದರಿಂದ, ಯಾವ ಉದ್ದವನ್ನು ಹಿಡಿಯಬೇಕು, ದಪ್ಪವನ್ನು ಯಾವ ದಿಕ್ಕಿನಲ್ಲಿ ಅಳೆಯಬೇಕು ಎಂಬಲ್ಲಿ ಲೆಕ್ಕ ತಪ್ಪುತ್ತದೆ.

ಒಂದು ಸಾಮಾನ್ಯ ಮನೆಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ನೆಲದಿಂದ ಮೇಲಿನ ಅಂತಸ್ತಿಗೆ 3 ಮೀಟರ್ ಎತ್ತರವಿದೆ. ಒಂದು ಫ್ಲೈಟ್, ಅಂದರೆ ಮೆಟ್ಟಿಲುಗಳ ಒಂದು ಸಾಲು ಹತ್ತಿ, ನಡುವಿನ ಲ್ಯಾಂಡಿಂಗ್‌ನಲ್ಲಿ ಹಿಂತಿರುಗಿ, ಇನ್ನೊಂದು ಫ್ಲೈಟ್ ಹತ್ತಬೇಕು. ಮೆಟ್ಟಿಲಿನ ನೇರ ನಿಂತ ಮುಖವಾದ ರೈಸರ್ 150 ಮಿ.ಮೀ. ಎತ್ತರ, ಕಾಲಿಡುವ ಹಾಸಾದ ಟ್ರೆಡ್ 250 ಮಿ.ಮೀ. ಅಗಲ. ಫ್ಲೈಟ್‌ನ ಅಗಲ 1 ಮೀಟರ್. ವೇಸ್ಟ್ ಸ್ಲ್ಯಾಬ್ ಮತ್ತು ಲ್ಯಾಂಡಿಂಗ್ ಎರಡರ ದಪ್ಪವೂ 150 ಮಿ.ಮೀ.

ಮೊದಲು ಎಣಿಕೆ. 3 ಮೀಟರಿಗೆ 20 ರೈಸರ್‌ಗಳು, ಅಂದರೆ ಫ್ಲೈಟ್‌ಗೆ 10. ಆದರೆ ಹತ್ತನೆಯ ರೈಸರ್ ಏರಿದರೆ ಕಾಲಿಡುವುದು ಲ್ಯಾಂಡಿಂಗ್ ಮೇಲೆ. ಹಾಗಾಗಿ ಫ್ಲೈಟ್‌ನೊಳಗಿನ ಟ್ರೆಡ್‌ಗಳು ಒಂಬತ್ತೇ. ಪ್ರತಿ ಮೆಟ್ಟಿಲು ವೇಸ್ಟ್ ಸ್ಲ್ಯಾಬ್ ಮೇಲೆ ಕುಳಿತ ಒಂದು ತ್ರಿಕೋನ. ಅದರ ಗಾತ್ರ 0.25 × 0.15 × 1ರ ಅರ್ಧ, ಅಂದರೆ 0.01875 ಘನ ಮೀಟರ್. ಈ ಅರ್ಧವನ್ನು ಮರೆತರೆ ಮೆಟ್ಟಿಲುಗಳ ಲೆಕ್ಕ ದುಪ್ಪಟ್ಟಾಗುತ್ತದೆ. ಎರಡು ಫ್ಲೈಟ್‌ಗಳ 18 ಮೆಟ್ಟಿಲುಗಳಿಗೆ ಸುಮಾರು 0.34 ಘನ ಮೀಟರ್ ಬೇಕು.

ಇನ್ನು ವೇಸ್ಟ್ ಸ್ಲ್ಯಾಬ್. ಮೆಟ್ಟಿಲುಗಳ ಒಳಮೂಲೆಗಳನ್ನು ಕೂಡಿಸುವ ಓರೆ ಗೆರೆಯೇ ಇದರ ಮೇಲ್ಮೈ. ಒಂದು ಮೆಟ್ಟಿಲಿಗೆ ಈ ಗೆರೆಯ ಉದ್ದ ಎಷ್ಟೆಂದು ತಿಳಿಯಲು 250 ಮತ್ತು 150ರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು, 291.5 ಮಿ.ಮೀ. ಬರುತ್ತದೆ. ಒಂಬತ್ತು ಮೆಟ್ಟಿಲಿಗೆ 2.62 ಮೀಟರ್. ಇದನ್ನು 0.15 ಮೀಟರ್ ದಪ್ಪದಿಂದಲೂ 1 ಮೀಟರ್ ಅಗಲದಿಂದಲೂ ಗುಣಿಸಿದರೆ ಒಂದು ಫ್ಲೈಟ್‌ಗೆ 0.394, ಎರಡಕ್ಕೆ 0.79 ಘನ ಮೀಟರ್ ಆಗುತ್ತದೆ. ನಕ್ಷೆಯಲ್ಲಿ ಕಾಣುವ 2.25 ಮೀಟರ್ ಅಡ್ಡ ಅಳತೆಯನ್ನೇ ಉದ್ದವೆಂದು ಹಿಡಿದವರಿಗೆ ಇಲ್ಲಿ ಸುಮಾರು 0.11 ಘನ ಮೀಟರ್ ಕಡಿಮೆ ಬೀಳುತ್ತದೆ.

ದಪ್ಪದ ತಪ್ಪು ಇದಕ್ಕಿಂತ ಗಂಭೀರವಾದದ್ದು, ಏಕೆಂದರೆ ಅದು ಲೆಕ್ಕದ ಪುಸ್ತಕದಲ್ಲಿ ಉಳಿಯದೆ ಕಟ್ಟಡದೊಳಕ್ಕೆ ಸೇರುತ್ತದೆ. ನಕ್ಷೆಯ 150 ಮಿ.ಮೀ. ಎಂದರೆ ಓರೆಗೆ ಲಂಬವಾಗಿ ಅಳೆದ ದಪ್ಪ. ಟೇಪನ್ನು ತೂಗುಗುಂಡಿನಂತೆ ನೇರ ಕೆಳಕ್ಕೆ ಹಿಡಿದು 150 ಬಿಟ್ಟರೆ ನಿಜವಾದ ದಪ್ಪ ಸುಮಾರು 129 ಮಿ.ಮೀ. ಮಾತ್ರ ಉಳಿಯುತ್ತದೆ, ಸ್ಲ್ಯಾಬ್‌ನ ಬಾಗುವಿಕೆಯನ್ನು ತಡೆಯುವ ಶಕ್ತಿಯೂ ಅದರೊಂದಿಗೆ ತಗ್ಗುತ್ತದೆ. ಆದ್ದರಿಂದ ಸೆಂಟ್ರಿಂಗ್ ಮುಗಿದು, ಪಕ್ಕದ ಹಲಗೆಯ ಮೇಲೆ ಬಡಗಿ ಮೆಟ್ಟಿಲುಗಳನ್ನು ಪೆನ್ಸಿಲಿನಲ್ಲಿ ಗುರುತಿಸಿದ ಮೇಲೆ, ಯಾವುದಾದರೂ ಒಳಮೂಲೆಯಿಂದ ಕೆಳಗಿನ ಶೀಟಿನವರೆಗೆ ಟೇಪನ್ನು ನೇರವಾಗಿ ಇಳಿಬಿಡಿ. ಈ ಮೆಟ್ಟಿಲಿನಲ್ಲಿ ಅದು 175 ಮಿ.ಮೀ. ತೋರಿಸಬೇಕು. 150 ತೋರಿಸಿದರೆ ಕಂಬಿ ಕಟ್ಟುವ ಮೊದಲೇ ಸೆಂಟ್ರಿಂಗನ್ನು ತಗ್ಗಿಸಲು ಹೇಳಬೇಕು.

ಲ್ಯಾಂಡಿಂಗ್ ಸುಲಭ. ಎರಡು ಫ್ಲೈಟ್‌ಗಳ ಅಗಲ ಮತ್ತು ನಡುವಿನ 100 ಮಿ.ಮೀ. ಸಂದು ಸೇರಿ ಉದ್ದ 2.1 ಮೀಟರ್, ಅಗಲ 1 ಮೀಟರ್, ಗಾತ್ರ 0.315 ಘನ ಮೀಟರ್. ಆದರೆ ಕೆಳಗಿನ ಫ್ಲೈಟ್ ಲ್ಯಾಂಡಿಂಗನ್ನು ಸೇರುವಲ್ಲಿ ತಳಭಾಗವನ್ನು ಗಮನಿಸಿ. ಲ್ಯಾಂಡಿಂಗ್‌ನ ಅಂಚಿನಲ್ಲಿ ಓರೆ ಸ್ಲ್ಯಾಬ್‌ನ ತಳ ಲ್ಯಾಂಡಿಂಗ್‌ನ ತಳಕ್ಕಿಂತ 175 ಮಿ.ಮೀ. ಕೆಳಗಿರುತ್ತದೆ. ಆ ಓರೆ ತಳ ಹಾಗೆಯೇ ಮುಂದುವರಿದು ಸುಮಾರು 290 ಮಿ.ಮೀ. ಒಳಗೆ ಹೋಗಿ ಲ್ಯಾಂಡಿಂಗ್‌ನ ತಳವನ್ನು ಮುಟ್ಟುತ್ತದೆ. ನಡುವೆ ಉಳಿಯುವ ಬೆಣೆಯಾಕಾರದ ಜಾಗಕ್ಕೆ 0.025 ಘನ ಮೀಟರ್ ಬೇಕು. ಚಿಕ್ಕದಾದರೂ ಹೆಚ್ಚೂಕಡಿಮೆ ಒಂದೂವರೆ ಮೆಟ್ಟಿಲಿನ ಕಾಂಕ್ರೀಟ್ ಅದು.

ಎಲ್ಲ ಕೂಡಿದರೆ 1.47 ಘನ ಮೀಟರ್. ಕಂಬಿಯ ಗಾತ್ರವನ್ನು ಇದರಿಂದ ಕಳೆಯುವ ರೂಢಿಯಿಲ್ಲ. ಚೆಲ್ಲಿ ಹೋಗುವುದನ್ನೂ ಸೇರಿಸಿ ಒಂದೂವರೆ ಘನ ಮೀಟರ್, ಅಂದರೆ 53 ಘನ ಅಡಿ ಎಂದಿಟ್ಟುಕೊಳ್ಳಬಹುದು. ಮೊದಲ ಮೆಟ್ಟಿಲಿನ ಕೆಳಗಿನ ಅಡಿಪಾಯವೂ ಫ್ಲೈಟ್‌ಗಳನ್ನು ಹೊರುವ ಬೀಮುಗಳೂ ಇದರಲ್ಲಿ ಸೇರಿಲ್ಲ; ಅವುಗಳ ಲೆಕ್ಕ ಬೇರೆ.

ಕೆಲಸದ ಜಾಗದಲ್ಲೇ ಸಿಮೆಂಟ್, ಮರಳು, ಜಲ್ಲಿಯನ್ನು 1:1.5:3 ಪ್ರಮಾಣದಲ್ಲಿ ಕಲಸುವುದಾದರೆ ಒಣ ಸಾಮಗ್ರಿಯ ಗಾತ್ರವನ್ನು ಕಾಂಕ್ರೀಟಿನ ಗಾತ್ರದ 1.54 ಪಟ್ಟು ಹಿಡಿಯುತ್ತಾರೆ, ಏಕೆಂದರೆ ಜಲ್ಲಿಯ ಸಂದುಗಳಲ್ಲಿ ಮರಳೂ ಮರಳಿನ ಸಂದುಗಳಲ್ಲಿ ಸಿಮೆಂಟೂ ಅಡಗುತ್ತವೆ. ಅದರಂತೆ 12 ಚೀಲ ಸಿಮೆಂಟ್, ಸುಮಾರು 22 ಘನ ಅಡಿ ಮರಳು ಅಥವಾ ಎಂ-ಸ್ಯಾಂಡ್, 45 ಘನ ಅಡಿ ಜಲ್ಲಿ ಬೇಕಾಗುತ್ತದೆ. ಒಂದೆರಡು ಚೀಲ ಸಿಮೆಂಟನ್ನು ಹೆಚ್ಚಿಗೆ ಇಟ್ಟುಕೊಳ್ಳುವುದು ಮೇಲು. ಸಾಮಗ್ರಿ ಸಾಲದೆ ಫ್ಲೈಟ್‌ನ ನಟ್ಟನಡುವೆ ಕೆಲಸ ನಿಂತರೆ, ಭಾರ ಹೆಚ್ಚು ಬಾಗಿಸುವ ಜಾಗದಲ್ಲೇ ಹಳೆಯ ಮತ್ತು ಹೊಸ ಕಾಂಕ್ರೀಟಿನ ಬೆಸುಗೆ ಬೀಳುತ್ತದೆ.