ಡೈಲಿ ಕಲೆಕ್ಷನ್ ಕಾರ್ಡಿನ ನಿಜವಾದ ಬಡ್ಡಿ ನಾನು ಹಿಡಿದಿದ್ದು ಹೀಗೆ

ಯಶವಂತಪುರ ಯಾರ್ಡಿಂದ ಈರುಳ್ಳಿ, ಆಲೂಗಡ್ಡೆ ತಂದು ತಳ್ಳುಗಾಡೀಲಿ ಮಾರೋನು ನಾನು. ಕಾರ್ಡ್ ಅಂದ್ರೆ ಏನು, ಸಂಜೆ ಬೈಕಲ್ಲಿ ಬರೋ ಹುಡುಗ ಯಾರು ಅಂತ ನಮ್ಮೋರಿಗೆ ಹೇಳೋದು ಬೇಡ. "ನೀನು ಹಾಕೋ ಲೆಕ್ಕ ಎಲ್ಲಾ ತಲೆಕೆಳಗು, ಸಾವಿರ ರೂಪಾಯಿ ತಾನೇ ಜಾಸ್ತಿ ಹೋಗೋದು" ಅಂತ ನಮ್ಮ ಸಾಲಿನೋರೆಲ್ಲ ಎರಡು ವರ್ಷ ನಕ್ಕರು, ಈಗ ಹೊಸ ಕಾರ್ಡ್ ಹಾಕೋ ಮುಂಚೆ ಅವರೇ ಬಂದು ಕೇಳ್ತಾರೆ, ಅದಕ್ಕೆ ಬರೀತಿದೀನಿ.

ಮೊದಲು ನಾನು ಮೋಸ ಹೋಗಿದ್ದು ಹೇಳ್ತೀನಿ. ನನ್ನ ಕಾರ್ಡು ಹತ್ತು ಸಾವಿರದ್ದು. ಸಾವಿರ ಮುಂಚೇನೇ ಕಟ್, ಕೈಗೆ 9,000, ದಿನಾ ನೂರರಂತೆ ನೂರು ದಿನ. ನನ್ನ ಲೆಕ್ಕ ಹೇಗಿತ್ತು ಅಂದ್ರೆ, ನೂರು ದಿನಕ್ಕೆ ಹತ್ತು ಪರ್ಸೆಂಟ್, ಅಂದ್ರೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ. ಅದೇ ಟೈಮಲ್ಲಿ ಊರಿನೋರೊಬ್ಬರು ನೂರಕ್ಕೆ ನಾಲ್ಕು ರೂಪಾಯಿ ಬಡ್ಡಿಗೆ ಕೈಸಾಲ ಕೊಡ್ತೀನಿ ಅಂದಿದ್ರು. ನಾನು ದೊಡ್ಡ ಬುದ್ಧಿವಂತನ ಥರ ಬೇಡ ಅಂದೆ, ಮೂರಕ್ಕೆ ಸಿಗೋದು ಬಿಟ್ಟು ನಾಲ್ಕಕ್ಕೆ ಯಾಕೆ ಅಂತ.

ಆದ್ರೆ ಆ ವರ್ಷ ನಾನು ಒಂದು ಕಾರ್ಡಲ್ಲಿ ನಿಲ್ಲಲೇ ಇಲ್ಲ. ಒಂದು ಅರ್ಧ ಆಗೋ ಹೊತ್ತಿಗೆ ಬಂಡವಾಳ ಸಾಲದೆ ಇನ್ನೊಂದು, ಅದು ಅರ್ಧಕ್ಕೆ ಬಂದಾಗ ಮೊದಲನೇದು ಮುಗಿದು ಮತ್ತೆ ಹೊಸದು. ಹಳೇ ಕಾರ್ಡೆಲ್ಲ ಒಂದು ಬಿಸ್ಕತ್ ಡಬ್ಬೀಲಿ ಹಾಕಿಟ್ಟಿದ್ದೆ. ಯುಗಾದಿಗೆ ಮನೆ ಕ್ಲೀನ್ ಮಾಡ್ವಾಗ ಎಣಿಸಿದ್ರೆ ಏಳು ಇತ್ತು. ಏಳು ಸಾವಿರ ಬರೀ ಕಟ್ಟಿಗೇ ಹೋಗಿದೆ! ಊರಿನೋರ ಹತ್ರ ಅದೇ ಒಂಬತ್ತು ಸಾವಿರ ವರ್ಷಪೂರ್ತಿ ಇಟ್ಕೊಂಡಿದ್ರೆ ತಿಂಗಳಿಗೆ 360ರಂತೆ 4,320 ಆಗ್ತಿತ್ತು. ಮೂರು ರೂಪಾಯಿ ಬಡ್ಡಿ ನಾಲ್ಕು ರೂಪಾಯಿಗಿಂತ ಜಾಸ್ತಿ ಹೇಗಾಯ್ತು ಅಂತ ಎರಡು ರಾತ್ರಿ ನಿದ್ದೆ ಇಲ್ಲ.

ತಪ್ಪು ಇದ್ದಿದ್ದು ಇಲ್ಲಿ. ಕೈಸಾಲದ ದುಡ್ಡು ಕೊನೇ ದಿನದ ತನಕ ಪೂರ್ತಿ ನಮ್ಮ ಹತ್ರಾನೇ ಇರುತ್ತೆ. ಕಾರ್ಡಲ್ಲಿ ಮಾರನೇ ದಿನದಿಂದಾನೇ ವಾಪಸ್ ಹೋಗಕ್ಕೆ ಶುರು. ಐವತ್ತನೇ ದಿನಕ್ಕೆ ಐದು ಸಾವಿರ ಆಗ್ಲೇ ಅವನ ಜೇಬಲ್ಲಿ, ನಾವು ನಿಜವಾಗಿ ಬಳಸಿದ್ದು ಸರಾಸರಿ ಹೆಚ್ಚುಕಮ್ಮಿ ಅರ್ಧ ಅಷ್ಟೇ. ಅರ್ಧ ದುಡ್ಡಿಗೆ ಪೂರ್ತಿ ಸಾವಿರ ಬಡ್ಡಿ. ಒಂಬತ್ತು ಸಾವಿರ ಯಾವಾಗ್ಲೂ ಗಾಡಿ ಮೇಲೆ ತಿರುಗ್ತಾ ಇರಬೇಕು ಅಂದ್ರೆ ಎರಡು ಕಾರ್ಡ್ ಒಟ್ಟಿಗೆ ನಡೀಬೇಕು, ನನಗೆ ಆಗಿದ್ದೂ ಅದೇ.

ಮಗಳ ಫೋನಲ್ಲಿ ಶೀಟ್ ಓಪನ್ ಮಾಡಿ ಹಾಕಿದ್ದು ಇದು:

```
=RATE(100,-100,9000,0,0,0.002)*365
```

ಮೊದಲನೇ ಸಲ ಆ ಮೈನಸ್ ಹಾಕದೆ #NUM! ಅಂತ ಬಂದು ಒಂದು ಸಂಜೆ ಹಾಳಾಯ್ತು. ಕೈಗೆ ಬರೋದು ಪ್ಲಸ್, ಕಟ್ಟೋದು ಮೈನಸ್, ಅಷ್ಟೇ. ಉತ್ತರ ವರ್ಷಕ್ಕೆ 77-78 ಪರ್ಸೆಂಟ್. ಬಡ್ಡಿ ಮೇಲೆ ಬಡ್ಡಿ ಸೇರಿಸಿ ನೋಡಿದ್ರೆ ನೂರು ದಾಟುತ್ತೆ, ನಾನು ಅದನ್ನ ಯಾರಿಗೂ ಹೇಳಲ್ಲ, ಜಗಳಕ್ಕೆ ದಾರಿ.

ಈ 78ನ್ನ ಸಾಲಿನೋರಿಗೆ ಹೇಳಿದಾಗ ಒಬ್ಬರೂ ನಂಬಲಿಲ್ಲ. ಆಮೇಲೆ ಹೊಳೀತು, ನಮ್ಮಲ್ಲಿ ವರ್ಷದ ಪರ್ಸೆಂಟಲ್ಲಿ ಯಾರು ಮಾತಾಡ್ತಾರೆ, ಎಲ್ಲಾ ನೂರಕ್ಕೆ ತಿಂಗಳಿಗೆ ಎಷ್ಟು ಅಂತಾನೇ. 78ನ್ನ ಹನ್ನೆರಡರಿಂದ ಭಾಗಿಸಿದ್ರೆ ಆರೂವರೆ ರೂಪಾಯಿ. "ನಿನ್ನ ಕಾರ್ಡು ಆರೂವರೆ ರೂಪಾಯಿ ಬಡ್ಡೀದು" ಅಂದಾಗ ಮೊದಲ ಸಲ ತಿರುಗಿ ನೋಡಿದ್ರು. ಲೈಸೆನ್ಸ್ ಇರೋ ಲೇವಾದೇವಿಯೋರು ಅಡಮಾನ ಇಲ್ಲದ ಸಾಲಕ್ಕೆ ವರ್ಷಕ್ಕೆ 16 ಪರ್ಸೆಂಟ್ ದಾಟೋ ಹಾಗಿಲ್ಲ ಅಂತ ಸರ್ಕಾರದ ರೂಲು, ಅದು ಒಂದೂಕಾಲು ರೂಪಾಯಿಗೆ ಸ್ವಲ್ಪ ಮೇಲೆ ಬರುತ್ತೆ. ಆ ರೇಟಿಗೆ ಕೊಡೋನು ನಮ್ಮ ಬೀದಿಗೆ ಇನ್ನೂ ಬಂದಿಲ್ಲ ಬಿಡಿ.

ಫೋನಿಲ್ಲದೆ ಹಾಕೋ ಲೆಕ್ಕಾನೂ ಇದೆ. ಕಟ್ ಆಗಿದ್ದನ್ನ ಡಬಲ್ ಮಾಡಿ, ಕೈಗೆ ಬಂದಿದ್ದರಿಂದ ಭಾಗಿಸಿ, ಕಂತಿನ ಸಂಖ್ಯೆಗೆ ಒಂದು ಸೇರಿಸಿ ಅದರಿಂದಾನೂ ಭಾಗಿಸಿ, ಆಮೇಲೆ ದಿನದ ಕಾರ್ಡಾದ್ರೆ 365, ವಾರದ್ದಾದ್ರೆ 52ರಿಂದ ಗುಣಿಸಿ, ಬಂದಿದ್ದನ್ನ ನೂರರಿಂದ ಗುಣಿಸಿದ್ರೆ ಪರ್ಸೆಂಟ್. ನನ್ನ ಕಾರ್ಡಿಗೆ 80 ಬರುತ್ತೆ, ನಿಜಕ್ಕಿಂತ ಸ್ವಲ್ಪ ಜಾಸ್ತಿ, ಆದ್ರೆ ನಿಂತ ಜಾಗದಲ್ಲಿ ಸಾಕು.

ವಾರದ್ದು ಇನ್ನೂ ಮಜಾ. ನನ್ನ ಪಕ್ಕದಲ್ಲಿ ಹೂ ಮಾರೋ ಅಕ್ಕ ವಾರದ ಸಾಲ ತಗೊಂಡಿದ್ರು, ಹತ್ತು ಸಾವಿರಕ್ಕೆ 1,500 ಕಟ್, ವಾರಕ್ಕೆ ಸಾವಿರದಂತೆ ಹತ್ತು ವಾರ. "ಹದಿನೈದು ಪರ್ಸೆಂಟ್ ಕಣಪ್ಪ, ಎರಡೂವರೆ ತಿಂಗಳಿಗೆ" ಅಂದ್ರು. ಶೀಟಲ್ಲಿ 8,500ಕ್ಕೆ ಹಾಕಿದ್ರೆ ವರ್ಷಕ್ಕೆ 160. ಆಮೇಲೆ ಅಕ್ಕನ ಕಾರ್ಡ್ ಇಸ್ಕೊಂಡು ನೋಡ್ತೀನಿ, ಮೊದಲನೇ ಕಂತಿಗೆ ದುಡ್ಡು ಕೊಟ್ಟ ದಿನದ್ದೇ ಸೈನ್ ಇದೆ.

"ಅಕ್ಕ, ಅವತ್ತು ಕೈಗೆ ಎಷ್ಟು ಬಂತು?"

"ಏಳೂವರೆ. ಒಂದು ವಾರದ್ದು ಅವತ್ತೇ ಹಿಡ್ಕೊಂಡ."

```
=RATE(10,-1000,8500,0,1)*52
```

ಕೊನೇಲಿರೋ ಆ 1 ಅಂದ್ರೆ ಕಂತು ವಾರದ ಮೊದಲೇ ಹೋಗುತ್ತೆ ಅಂತ. 160 ಇದ್ದಿದ್ದು ಹತ್ತತ್ರ 200 ಆಯ್ತು, ತಿಂಗಳಿಗೆ ನೂರಕ್ಕೆ ಹದಿನಾರೂವರೆ ರೂಪಾಯಿ. ಕಾರ್ಡಲ್ಲಿ ಒಂದು ಅಕ್ಷರ ಬದಲಾಗಿಲ್ಲ ನೋಡಿ. ಅದಕ್ಕೇ ನಾನು ಕಾರ್ಡಲ್ಲಿ ಏನು ಬರೆದಿದೆ ಅಂತ ಮೊದಲು ಕೇಳಲ್ಲ, ಕೈಗೆ ಎಣಿಸಿಕೊಂಡಿದ್ದು ಎಷ್ಟು, ಮೊದಲ ಕಂತು ಯಾವತ್ತು, ಇವೆರಡೇ.

ಅಕ್ಕ ಆಗ್ಲೂ ಒಪ್ಪಲಿಲ್ಲ. ನನ್ನ ಕಾರ್ಡನ್ನೇ ಇಟ್ಕೊಂಡು, ಬುಟ್ಟೀಲಿ ಒಂಬತ್ತು ಆಲೂಗಡ್ಡೆ ಹಾಕ್ದೆ, ಒಂದೊಂದು ಸಾವಿರ ಅಂತ. ಹತ್ತು ದಿನ ಆಯ್ತು ಅಂತ ಒಂದು ತೆಗೆದೆ, ಇಪ್ಪತ್ತು ಅಂತ ಇನ್ನೊಂದು. ಐವತ್ತಕ್ಕೆ ಬುಟ್ಟೀಲಿ ನಾಲ್ಕು. "ಬಡ್ಡಿ ಒಂಬತ್ತಕ್ಕಾ ನಾಲ್ಕಕ್ಕಾ?" ಅಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಕೊಟ್ಟೋನಿಗೆ ಬೈಯಕ್ಕೆ ಶುರು ಮಾಡಿದ್ರು, ಅದನ್ನ ಇಲ್ಲಿ ಬರೆಯಕ್ಕಾಗಲ್ಲ.

ನಡುವೆ ಒಂದು ಪ್ರಯೋಗಾನೂ ಮಾಡಿದ್ದೆ. ಮಳೆಗಾಲದಲ್ಲಿ ವ್ಯಾಪಾರ ಇಲ್ಲದ ದಿನ ಕೊಡ್ದೆ ಬಿಟ್ಟು ನೂರು ಕಂತನ್ನ 120 ದಿನಕ್ಕೆ ಎಳೆದೆ. ದಂಡ ಹಾಕಲಿಲ್ಲ, ಬಡ್ಡಿ 65ಕ್ಕೆ ಇಳೀತು, ಬೀಗಿದ್ದೇ ಬೀಗಿದ್ದು. ಮುಂದಿನ ಕಾರ್ಡಿಗೆ ಬೇರೆ ಹುಡುಗ ಬಂದ, ತಪ್ಪಿದ ದಿನಕ್ಕೆ ಇಪ್ಪತ್ತು ರೂಪಾಯಿ ಅಂದ. ಅದೇ ಇಪ್ಪತ್ತು ದಿನ ತಪ್ಪಿಸಿ ನಾನೂರು ದಂಡ ಕಟ್ಟಿದ್ದಕ್ಕೆ 90ರ ಹತ್ರ ಹೋಯ್ತು. ಮುಂಚಿನ ಕಟ್ಟನ್ನ ಸಾವಿರದಿಂದ ಏಳುನೂರಕ್ಕೆ ಇಳಿಸೋಕೆ ನಾನು ಏನು ಮಾತಾಡ್ತೀನಿ ಅನ್ನೋದು ಮಾತ್ರ ಹೇಳಲ್ಲ, ಅವರೂ ಫೋನ್ ನೋಡ್ತಾರೆ.

ಬೆಳಿಗ್ಗೆ 900 ಕೊಟ್ಟು ಸಂಜೆ ಸಾವಿರ ಇಸ್ಕೊಳ್ಳೋದಕ್ಕೆ ವರ್ಷದ ಲೆಕ್ಕ ಹಾಕಬೇಡಿ, ನಾಲ್ಕು ಸಾವಿರ ಪರ್ಸೆಂಟ್ ಅಂದ್ರೆ ಜನ ನಗ್ತಾರೆ. ದಿನಾ ಬಡ್ಡಿಗೇ ನೂರು ಹೋಗ್ತಿದೆ, ಹೇಗಾದ್ರೂ ಇನ್ನೊಂದು ನೂರು ಎತ್ತಿಟ್ರೆ ಒಂಬತ್ತೇ ದಿನಕ್ಕೆ ಆ 900 ನಿಮ್ಮದೇ ಆಗುತ್ತೆ ಅನ್ನಿ. ಸೊಪ್ಪಿನ ಹುಡುಗ ಅದನ್ನೇ ಮಾಡಿದ, ಎರಡು ಸಲ ತಪ್ಪಿ ಮೂರನೇ ಸಲಕ್ಕೆ.

ನನ್ನ ಕೊನೇ ಕಾರ್ಡ್ ಮುಗಿದ ಮಾರನೇ ದಿನದಿಂದ ಸಂಜೆ ಏಳಕ್ಕೆ, ಕಲೆಕ್ಷನ್ ಹುಡುಗ ಬರ್ತಿದ್ದ ಟೈಮಿಗೇ, ಅದೇ ಬಿಸ್ಕತ್ ಡಬ್ಬಿಗೆ ನೂರು ಹಾಕ್ತಾ ಬಂದೆ. ತೊಂಬತ್ತು ದಿನ ಅಂದ್ಕೊಂಡಿದ್ದು, ಮದುವೆ ಖರ್ಚು ಬಂದು ನಾಲ್ಕು ತಿಂಗಳ ಮೇಲಾಯ್ತು. ಒಂಬತ್ತು ಸಾವಿರ ತುಂಬಿದ ದಿನ ಯಾರ್ಡಲ್ಲಿ ಕ್ಯಾಶ್ ಕೊಟ್ಟು ಮೂಟೆ ಎತ್ತಿದೆ. ಹುಡುಗ ಈಗ್ಲೂ ಬೈಕ್ ನಿಲ್ಲಿಸ್ತಾನೆ. ಹೋದ ವಾರ ಬಂದು, "ಅಣ್ಣ, ಬೈಕ್ ಲೋನ್ ಇದೆ, ನಿಜವಾಗ್ಲೂ ಎಷ್ಟು ಬೀಳುತ್ತೆ ಸ್ವಲ್ಪ ನೋಡಣ್ಣ" ಅಂತ ಪಾಸ್‌ಬುಕ್ ಚಾಚಿದ.