ಆರು ಕೆಜಿ ಇಳಿಸಿ, ಆರು ವಾರ ನಿಲ್ಲಿಸಿ, ಆಮೇಲೆ ರಕ್ತ ಕೊಡಿ

ಬಿಪಿ, ಕೊಲೆಸ್ಟ್ರಾಲ್ ಎರಡೂ ಏರಿದವರನ್ನು ಐದಾರು ಕೆಜಿ ಮಾತ್ರ ಇಳಿಸಿ ಕಳಿಸುತ್ತೇವೆ ಎಂದಾಗ ನಮ್ಮ ಸುತ್ತಲಿನ ಡಾಕ್ಟರುಗಳೇ ನಕ್ಕಿದ್ದರು. ಎಂಬತ್ತು ದಾಟಿದವರು ಅರವತ್ತೈದಕ್ಕೆ ಬಂದರೆ ತಾನೆ ಪ್ರಯೋಜನ, ಇಷ್ಟಕ್ಕೆಲ್ಲ ಅಡುಗೆಮನೆ ಲೆಕ್ಕ ಯಾಕೆ, ಮಾತ್ರೆ ಬರೆದರೆ ಮುಗಿಯಿತಲ್ಲ ಎಂಬುದು ಅವರ ವಾದ. ಈಗ ಅವರಲ್ಲೇ ಕೆಲವರು ತಮ್ಮ ರೋಗಿಗಳನ್ನು ನಮ್ಮ ಬಳಿ ಕಳಿಸುತ್ತಿದ್ದಾರೆ, ಅದು ಬೇರೆ ವಿಷಯ. ನಾವು ಪಥ್ಯ ನೋಡುವವರು. ಮಾತ್ರೆಯ ತೀರ್ಮಾನ ಡಾಕ್ಟರದ್ದೇ. ಇಲ್ಲಿ ಬರೆಯುವುದು ಪಥ್ಯದ ಭಾಗವನ್ನು, ಅದರಲ್ಲೂ ಹೆಚ್ಚಿನವರು ಎಡವುವ ಜಾಗವನ್ನು.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ತಿಪಟೂರು ಕಡೆಯ ಕೊಬ್ಬರಿ ವ್ಯಾಪಾರಿ, ವಯಸ್ಸು ನಲವತ್ತೇಳರ ಆಸುಪಾಸು, ಎತ್ತರ 166 ಸೆಂಮೀ, ತೂಕ 82 ಕೆಜಿ, ಸೊಂಟ 102 ಸೆಂಮೀ. ಗಂಡಸರಿಗೆ ನಮ್ಮಲ್ಲಿ 90 ಸೆಂಮೀ ಗಡಿ ಎಂಬುದು ನಿಮಗೆ ಗೊತ್ತೇ ಇದೆ. ಅಮ್ಲೋಡಿಪಿನ್ 5 ಎಂಜಿ ತೆಗೆದುಕೊಂಡರೂ ಮನೆಯಲ್ಲಿ ನೋಡಿದ ಬಿಪಿಯ ಸರಾಸರಿ 144/92. ಒಟ್ಟು ಕೊಲೆಸ್ಟ್ರಾಲ್ 238, ಟ್ರೈಗ್ಲಿಸರೈಡ್ 260, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 36, ಕೆಟ್ಟದ್ದು ಎನ್ನುವ ಎಲ್‌ಡಿಎಲ್ 150. ಸಕ್ಕರೆ ಕಾಯಿಲೆ ಇಲ್ಲ, ಹೃದಯದ ತೊಂದರೆ ಇಲ್ಲ. ಅಂಕಿಗಳನ್ನೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ, ಒಂದೆರಡು ಆಚೀಚೆ ಇರಬಹುದು.

ನಮ್ಮ ಬಳಿ ಬರುವ ಮೊದಲು ಅವರು ಮಾಡಿದ್ದು ಎಲ್ಲರೂ ಮಾಡುವುದೇ. ತಿಂಗಳಿಗೆ ಎರಡೂವರೆ ಸಾವಿರದಷ್ಟು ಸುರಿದು ಡಬ್ಬದ ಪುಡಿ ಕುಡಿದರು. ಮೂರು ವಾರದಲ್ಲಿ ನಾಲ್ಕು ಕೆಜಿ ಇಳಿಯಿತು, ಅದರಲ್ಲಿ ಬಹುಪಾಲು ನೀರು. ಪುಡಿ ಬಿಟ್ಟ ಮೇಲೆ ಐದು ಕೆಜಿ ಏರಿತು. ಆಮೇಲೆ ಬೆಳಿಗ್ಗೆ ನಡಿಗೆ. ಆ ತೂಕದವರು ಒಂದು ಕಿಲೋಮೀಟರ್ ನಡೆದರೆ ಸುಮಾರು 55 ಕ್ಯಾಲರಿ. ಮೂರು ಕಿಲೋಮೀಟರ್ ನಡೆದು, ವಾಪಸ್ಸು ಬರುವಾಗ ಹೋಟೆಲಿನಲ್ಲಿ ಒಂದು ವಡೆ, ಸಕ್ಕರೆ ಹಾಕಿದ ಒಂದು ಕಾಫಿ. ಲೆಕ್ಕ ಅಲ್ಲಿಗೆ ಚುಕ್ತಾ. ಸಾಲದ್ದಕ್ಕೆ ಮಂಡಿ ನೋವು ಶುರುವಾಗಿ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ದಿನಾ ನುಂಗಿದರು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಉಪ್ಪು, ನೀರನ್ನು ಮೈಯಲ್ಲಿ ಹಿಡಿದಿಟ್ಟು ಬಿಪಿ ಏರಿಸುತ್ತವೆ. ನಡಿಗೆ ಶುರು ಮಾಡಿದ ಮೇಲೆ ಬಿಪಿ ಜಾಸ್ತಿಯಾಯಿತು ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ್ದು ಈ ಮಾತ್ರೆಯನ್ನೇ. ಇದು ನಾವು ಮತ್ತೆ ಮತ್ತೆ ಕಾಣುವ ಸಂಗತಿ.

ಬಿಪಿ ನೋಡುವ ಪಟ್ಟಿ ಇನ್ನೊಂದು ಗುಂಡಿ. ತೋಳಿನ ಸುತ್ತಳತೆ 32 ಸೆಂಮೀ ದಾಟಿದವರಿಗೆ ಮಾಮೂಲಿ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳು ಸುಳ್ಳೇ ಮೇಲೆ ತೋರಿಸುತ್ತದೆ. ಮಷಿನ್ನಿಗೆ ಎರಡು ಸಾವಿರ ಕೊಟ್ಟವರು ದೊಡ್ಡ ಪಟ್ಟಿಗೆ ಇನ್ನೊಂದು ಏಳೆಂಟು ನೂರು ಕೊಡಲು ಹಿಂದೆಮುಂದೆ ನೋಡುತ್ತಾರೆ. ಅದಕ್ಕೆ ದುಡ್ಡು ಹಾಕಿ, ಪುಡಿ ಡಬ್ಬಕ್ಕೆ ಬೇಡ. ಈ ವ್ಯಾಪಾರಿಗೆ ಪಟ್ಟಿ ಬದಲಿಸಿದ ಮೇಲೆ ನೋಡಿದ್ದೇ 144/92, ಅದಕ್ಕೇ ಆ ಅಂಕಿಯನ್ನು ನಂಬಿದೆವು. ಐದು ನಿಮಿಷ ಬೆನ್ನು ಆನಿಸಿ ಕೂತು, ಎರಡು ಸಲ ನೋಡಿ, ಒಂದು ವಾರ ಬೆಳಿಗ್ಗೆ-ಸಂಜೆ ಬರೆದು, ಮೊದಲ ದಿನದ್ದನ್ನು ಬಿಟ್ಟು ಸರಾಸರಿ. ಮನೆಯ ಅಂಕಿಗೆ ಗಡಿ 135/85 ಎಂಬುದು ನೆನಪಿರಲಿ, ಆಸ್ಪತ್ರೆಯ 140/90 ಅಲ್ಲ.

ಇನ್ನು ಊಟ. ನಾವು ಯಾವತ್ತೂ ಹೊಸ ಊಟ ಹೇಳುವುದಿಲ್ಲ, ಇರುವುದರಲ್ಲೇ ಕಳೆಯುತ್ತೇವೆ. ಇವರು ರಾತ್ರಿ ಎರಡು ಮುದ್ದೆ ಉಣ್ಣುತ್ತಿದ್ದರು. ಒಂದು ಮುದ್ದೆಗೆ ನೂರು ಗ್ರಾಂ ಹಿಟ್ಟು ಎಂದರೆ ಮುನ್ನೂರಿಪ್ಪತ್ತು ಕ್ಯಾಲರಿ. ಒಂದು ಮುದ್ದೆ ತೆಗೆದು ಆ ಜಾಗಕ್ಕೆ ಬಟ್ಟಲು ತುಂಬ ಸೊಪ್ಪಿನ ಪಲ್ಯ, ಸಾರಿನಲ್ಲಿ ನೀರಿಗಿಂತ ಕಾಳು ಜಾಸ್ತಿ. ದಿನಕ್ಕೆ ನಾಲ್ಕು ಕಾಫಿ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ. ಅದನ್ನು ಎರಡು ಕಾಫಿ, ಒಂದೊಂದು ಚಮಚ ಮಾಡಿದಾಗ ನೂರಿಪ್ಪತ್ತು ಕ್ಯಾಲರಿ ಹೋಯಿತು. ಕೊಬ್ಬರಿ ಮಂಡಿಗೆ ತರಿಸುತ್ತಿದ್ದ ಸಂಜೆಯ ಬೋಂಡ ವಾರಕ್ಕೆ ಒಂದು ದಿನಕ್ಕೆ ಬಂತು. ಶನಿವಾರದ ಗುಂಡು ಪಾರ್ಟಿ ತಿಂಗಳಿಗೊಮ್ಮೆ. ಒಟ್ಟು ದಿನಕ್ಕೆ ಐನೂರರ ಹತ್ತಿರ ಕಳೆದಂತೆ. ಕಾಗದದ ಮೇಲೆ ವಾರಕ್ಕೆ ಅರ್ಧ ಕೆಜಿ ಇಳಿಯಬೇಕು. ನಿಜವಾಗಿ ಇಳಿದದ್ದು ಮುನ್ನೂರು ಗ್ರಾಂ ಚಿಲ್ಲರೆ. ಮದುವೆ ಮನೆಗಳು ಇರುತ್ತವೆ, ಹಬ್ಬ ಇರುತ್ತದೆ. ಹಬ್ಬದ ವಾರಕ್ಕೆ ನಮ್ಮದೊಂದು ಹಾಳೆ ಇದೆ, ಅದರಲ್ಲಿ ಒಬ್ಬಟ್ಟೂ ಉಂಟು. ಅದನ್ನು ಮಾತ್ರ ಇಲ್ಲಿ ಹಾಕುವುದಿಲ್ಲ, ಬಂದವರಿಗೆ ಕೊಡುತ್ತೇವೆ.

ಉಪ್ಪಿಗೆ ಗ್ರಾಂ ಲೆಕ್ಕ ಹೇಳಿದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ ಎನ್ನುತ್ತೇವೆ. ನಾಲ್ಕು ಜನರ ಈ ಮನೆಯಲ್ಲಿ ಅದು ಇಪ್ಪತ್ತನಾಲ್ಕು ದಿನಕ್ಕೆ ಖಾಲಿಯಾಗುತ್ತಿತ್ತು, ಅಂದರೆ ತಲೆಗೆ ದಿನಕ್ಕೆ ಹತ್ತು ಗ್ರಾಂ ದಾಟಿತ್ತು. ಐದು ಗ್ರಾಂ ಗುರಿ ಮುಟ್ಟಲು ಐವತ್ತು ದಿನ ಬರಬೇಕು. ಇವರು ಮುಟ್ಟಿದ್ದು ಮೂವತ್ತೆಂಟರ ತನಕ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಅಂಗಡಿಯಿಂದ ಬಂದರೆ ಈ ಲೆಕ್ಕದ ಹೊರಗೆ ಉಳಿಯುತ್ತವೆ, ಅದಕ್ಕೇ ಅವನ್ನು ಮೊದಲೇ ಅಟ್ಟ ಹತ್ತಿಸಿದೆವು. ಸೋಡಿಯಂ ಕಡಿಮೆ ಇರುವ ಉಪ್ಪು ತರಬಹುದಲ್ಲ ಎಂದು ಕೇಳುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರು, ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಥರದ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಹದ ತಪ್ಪುತ್ತದೆ.

ಎಣ್ಣೆಗೂ ಡಬ್ಬದ ಲೆಕ್ಕವೇ: ತಲೆಗೆ ತಿಂಗಳಿಗೆ ಅರ್ಧ ಲೀಟರ್. ಆದರೆ ತಿಪಟೂರಿನ ಮನೆಯಲ್ಲಿ ಎಣ್ಣೆ ಮಾತ್ರ ಅಳೆದರೆ ಏನೂ ಅಳೆದಂತಲ್ಲ. ದಿನಾ ಅರ್ಧ ತೆಂಗಿನಕಾಯಿ ತುರಿ ಸಾರಿಗೆ, ಚಟ್ನಿಗೆ ಹೋಗುತ್ತದೆ. ಅದರ ಕೊಬ್ಬು ಬಹುಪಾಲು ಸ್ಯಾಚುರೇಟೆಡ್, ಎಲ್‌ಡಿಎಲ್ ಏರಿಸುವ ಜಾತಿಯದ್ದು. ಕಾಯಿ ಮಾರುವವರಿಗೆ ಕಾಯಿ ಕಡಿಮೆ ಮಾಡಿ ಎನ್ನುವುದು ಕಷ್ಟದ ಕೆಲಸ. ಚಟ್ನಿಗೆ ಮುಕ್ಕಾಲು ಪಾಲು ಹುರಿಗಡಲೆ ಎಂಬಲ್ಲಿಗೆ ರಾಜಿಯಾಯಿತು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆವು. ಕುದಿಸಿದ ಕಾಫಿಯಲ್ಲಿ ಎಲ್‌ಡಿಎಲ್ ಏರಿಸುವ ಎಣ್ಣೆಯಂಶ ಇರುತ್ತದೆ, ಕಾಗದದ ಫಿಲ್ಟರ್ ಅದನ್ನು ತಡೆಯುತ್ತದೆ. ನಮ್ಮ ಸ್ಟೀಲ್ ಫಿಲ್ಟರಿನಲ್ಲಿ ಕಾಗದವೇ ಇಲ್ಲವಲ್ಲ. ಕೆಲವರಿಗೆ ಡಿಕಾಕ್ಷನ್ನನ್ನು ಕಾಗದದಲ್ಲಿ ಸೋಸಿ ಕುಡಿಯಲು ಹೇಳಿದೆವು. ಎಲ್‌ಡಿಎಲ್‌ನಲ್ಲಿ ಕಂಡ ಬದಲಾವಣೆ ಐದಾರು ಅಂಕಿ. ಒಬ್ಬರದೇ ರಕ್ತವನ್ನು ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರೂ ಅಷ್ಟು ವ್ಯತ್ಯಾಸ ತಾನಾಗಿಯೇ ಬರುತ್ತದೆ. ಕಾಫಿ ಸಪ್ಪೆಯಾಯಿತೆಂಬ ದೂರು ಮಾತ್ರ ಗ್ಯಾರಂಟಿ. ಕೈಬಿಟ್ಟೆವು.

ಈಗ ಮುಖ್ಯ ಜಾಗಕ್ಕೆ ಬರೋಣ. ಮೂರು ತಿಂಗಳಾದಾಗ ನಾಲ್ಕು ಕೆಜಿ ಇಳಿದಿತ್ತು. ಬೇಡ ಎಂದರೂ ಕೇಳದೆ ಲ್ಯಾಬಿಗೆ ಹೋಗಿ ಆರುನೂರು ರೂಪಾಯಿ ಕೊಟ್ಟು ರಕ್ತ ಕೊಟ್ಟು ಬಂದರು. ಒಟ್ಟು 222, ಟ್ರೈಗ್ಲಿಸರೈಡ್ 170, ಎಚ್‌ಡಿಎಲ್ 33, ಎಲ್‌ಡಿಎಲ್ 155. ಒಳ್ಳೆಯದು ಇಳಿದಿದೆ, ಕೆಟ್ಟದ್ದು ಏರಿದೆ. ಬಹಳ ಜನ ಇಲ್ಲಿಗೇ ಬಿಟ್ಟುಬಿಡುತ್ತಾರೆ, ನಕ್ಕ ಡಾಕ್ಟರುಗಳು ತೋರಿಸುತ್ತಿದ್ದದ್ದೂ ಇಂಥ ರಿಪೋರ್ಟುಗಳನ್ನೇ. ಆದರೆ ಇದರಲ್ಲಿ ಗಾಬರಿಪಡುವಂಥದ್ದು ಇಲ್ಲ. ಕೊಬ್ಬಿನ ಕೋಶಗಳಲ್ಲಿ ಕೊಬ್ಬಿನ ಜೊತೆ ಕೊಲೆಸ್ಟ್ರಾಲೂ ಶೇಖರವಾಗಿರುತ್ತದೆ. ಮೈ ಕರಗುತ್ತಿರುವಾಗ ಅದೂ ರಕ್ತಕ್ಕೆ ಇಳಿಯುತ್ತದೆ. ಎಚ್‌ಡಿಎಲ್ ತೂಕ ಇಳಿಯುತ್ತಿರುವಾಗ ತುಸು ಕುಸಿದು, ತೂಕ ನಿಂತ ಮೇಲೆ ಮೇಲೇರುತ್ತದೆ. ಇನ್ನೊಂದು, ಅನೇಕ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. ಮೊದಲು ಕಳೆದದ್ದು 52, ಈಗ ಕಳೆದದ್ದು 34. ಟ್ರೈಗ್ಲಿಸರೈಡ್ ಬಿದ್ದಾಗ ಕಳೆಯುವ ಅಂಕಿಯೂ ಚಿಕ್ಕದಾಗುತ್ತದೆ, ಹಾಗಾಗಿ ಕಾಗದದ ಮೇಲೆ ಎಲ್‌ಡಿಎಲ್ ಉಬ್ಬಿ ಕಾಣುತ್ತದೆ. ಒಟ್ಟಿನಿಂದ ಎಚ್‌ಡಿಎಲ್ ಮಾತ್ರ ಕಳೆದು ನೋಡಿ: ಮೊದಲು 202, ಈಗ 189. ಇಳಿದಿದೆ.

ಐದನೇ ತಿಂಗಳಿಗೆ 76 ಕೆಜಿ, ಸೊಂಟ 96. ಅಲ್ಲಿಗೆ ಕಡಿತ ನಿಲ್ಲಿಸಿ, ಅರ್ಧ ಮುದ್ದೆ ವಾಪಸ್ಸು ಕೊಟ್ಟು, ಆರು ವಾರ ತೂಕವನ್ನು ಅಲ್ಲೇ ಹಿಡಿದೆವು. ಆಮೇಲೆ ರಕ್ತ ಪರೀಕ್ಷೆ: ಹಿಂದಿನ ಮೂರು ದಿನ ಮದ್ಯ ಇಲ್ಲ, ಹಿಂದಿನ ರಾತ್ರಿಯಿಂದ ಹನ್ನೆರಡು ಗಂಟೆ ಉಪವಾಸ, ಅದೇ ಲ್ಯಾಬು. ಒಟ್ಟು 208, ಟ್ರೈಗ್ಲಿಸರೈಡ್ 160, ಎಚ್‌ಡಿಎಲ್ 39, ಎಲ್‌ಡಿಎಲ್ 137. ಮನೆಯ ಬಿಪಿ ಸರಾಸರಿ 133/84, ಮಾತ್ರೆ ಮೊದಲಿನದೇ.

ಇದನ್ನೆಲ್ಲ ತೂಕದ ಖಾತೆಗೆ ಬರೆಯುವುದು ಸರಿಯಲ್ಲ. ಬಿಪಿಯ ಮೇಲಿನ ಅಂಕಿ ಕೆಜಿಗೆ ಒಂದರಂತೆ ಇಳಿಯುತ್ತದೆ, ಅಂದರೆ ಆರು, ಮಿಕ್ಕಿದ್ದು ಉಪ್ಪಿನದ್ದು. ತೂಕ ಇಳಿದದ್ದಕ್ಕೇ ಎಲ್‌ಡಿಎಲ್ ಇಳಿಯುವುದು ಸರಾಸರಿ ಕೆಜಿಗೆ ಒಂದಕ್ಕಿಂತಲೂ ಕಡಿಮೆ. ಉಳಿದ ಕೆಲಸ ತೆಂಗಿನಕಾಯಿ, ಬೋಂಡದ್ದು. ಟ್ರೈಗ್ಲಿಸರೈಡ್ ನೂರು ಬಿದ್ದದ್ದರಲ್ಲಿ ಸಕ್ಕರೆ, ಶನಿವಾರದ ಪಾರ್ಟಿ ಎರಡರ ಪಾಲೂ ದೊಡ್ಡದು. ಅದಕ್ಕೇ ಎಲ್‌ಡಿಎಲ್ 190 ದಾಟಿದವರನ್ನು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿರುವವರನ್ನು, ಸ್ಟೆಂಟ್ ಹಾಕಿಸಿಕೊಂಡವರನ್ನು ಈ ದಾರಿಯೊಂದನ್ನೇ ನಂಬಿ ಎಂದು ಕೂರಿಸುವುದಿಲ್ಲ. ಅವರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕು, ತೂಕ ಅದರ ಜೊತೆಗೆ. ತೂಕ ಇಳಿದೂ ಬಿಪಿ ಕದಲದಿದ್ದರೆ ಹೆಂಡತಿಯನ್ನು ಕೇಳಿ, ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಲ್ಲುತ್ತದೆಯೇ ಎಂದು. ಹೌದೆಂದರೆ ನಿದ್ದೆಯ ಪರೀಕ್ಷೆಗೆ ಕಳಿಸಬೇಕು.

ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದರ ಉಲ್ಟಾ ತೊಂದರೆ. ಉಪ್ಪೂ ತೂಕವೂ ಒಟ್ಟಿಗೆ ಇಳಿದಾಗ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಕೂತು ನೋಡಿದ ಬಿಪಿ ಸರಿಯಾಗೇ ಇರುತ್ತದೆ, ಆದ್ದರಿಂದ ಎದ್ದು ನಿಂತು ಒಂದು ನಿಮಿಷ, ಮೂರು ನಿಮಿಷ ಆದಾಗಲೂ ನೋಡಬೇಕು. ಮೇಲಿನ ಅಂಕಿ ಇಪ್ಪತ್ತು ಬಿದ್ದರೆ ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಬೇಕು. ಮಾತ್ರೆಯನ್ನು ತಾವೇ ಅರ್ಧ ಮಾಡಿಕೊಳ್ಳುವುದಲ್ಲ.

ವ್ಯಾಪಾರಿಗೆ ಈಗ ಕೊಟ್ಟಿರುವ ನಿಯಮ ಒಂದೇ. ಸೋಮವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ. 78 ತೋರಿಸಿದ ವಾರದಿಂದ ಆ ಅರ್ಧ ಮುದ್ದೆ ಮತ್ತೆ ತಟ್ಟೆಯಿಂದ ಹೊರಗೆ.